ಒಂದು ಸೆಂಟಿಮೀಟರ್ ನೀರು

ಶಿವಪುತ್ರನಿಗೆ ತಾನು ಪ್ರಾಮಾಣಿಕ ಎನ್ನುವುದರ ಮೇಲೆ ಬಹಳ ಅಭಿಮಾನವಿತ್ತು. ಕೊಳವೆಬಾವಿಯ ನೀರು ಅಳೆಯುವ ಕೆಲಸಕ್ಕೆ ಸೇರಿ ಆರು ವರ್ಷವಾದರೂ ಯಾರ ಮನೆಯ ಚಹಾ ಕುಡಿದು ಲೆಕ್ಕ ತಿದ್ದಿದವನಲ್ಲ. ಇಂಥವರು ಊರಿಗೊಬ್ಬರಿದ್ದರೆ ಒಳ್ಳೆಯದು ಅಂತ ಜನ ಹೇಳುತ್ತಾರೆ, ತಮ್ಮ ಊರಿಗೆ ಬರುವವರೆಗೆ.

ಅವನ ಅಕ್ಕ ಲಗಮವ್ವನನ್ನು ಬೀಳಗಿ ಕಡೆಯ ಒಂದು ಕುರುಬರ ವಸ್ತಿಗೆ ಕೊಟ್ಟಿದ್ದರು. ನಲವತ್ತು ಮನೆ, ಒಂದು ಬೀರೇಶ್ವರನ ಗುಡಿ, ಕುಡಿಯುವ ನೀರಿಗೆ ಎರಡು ಕಿಲೋಮೀಟರ್ ನಡಿಗೆ. ಕಳೆದ ವರ್ಷ ಅಲ್ಲಿ ಬೋರ್ ಕೊರೆದು ನೀರು ಬಂತು. ನಿಮಿಷಕ್ಕೆ ಅರವತ್ತು ಲೀಟರ್ ಬಂದರೆ ಮೋಟಾರು, ಟಾಕಿ, ಮನೆಮನೆಗೆ ನಳ. ಕಡಿಮೆಯಾದರೆ ಬೋರಿನೊಳಗೆ ಇಳಿಸಿದ ಕೇಸಿಂಗ್ ಪೈಪು ಕಿತ್ತು ಮುಚ್ಚುವುದು. ಅಳೆಯಲು ಬಂದವನು ಶಿವಪುತ್ರ.

ಅವನ ಬಳಿ ತಗಡಿನ ಉದ್ದನೆಯ ಪೆಟ್ಟಿಗೆ. ಒಂದು ತುದಿಗೆ ಪಂಪಿನ ನೀರು ಬೀಳುತ್ತದೆ, ಇನ್ನೊಂದು ತುದಿಯ ತಗಡಿನಲ್ಲಿ ತ್ರಿಕೋನದ ಕಚ್ಚು, ಮೊನೆ ಕೆಳಗೆ. ಆ ಮೊನೆಯಿಂದ ನೀರು ಎಷ್ಟು ಎತ್ತರ ನಿಂತಿದೆ ಅಂತ ನೋಡಿದರೆ ಕೋಷ್ಟಕ ಲೀಟರ್ ಹೇಳುತ್ತದೆ. ಪೆಟ್ಟಿಗೆಯ ಹಿಂಬದಿಗೆ ಒಂದು ಅಳತೆಪಟ್ಟಿ ಇತ್ತು, ಎಂದೋ ಕಿತ್ತುಹೋಗಿತ್ತು. ಅಂದಿನಿಂದ ಕಚೇರಿಯವರೆಲ್ಲ ಸ್ಟೀಲ್ ಪಟ್ಟಿಯನ್ನು ಕಚ್ಚಿನಲ್ಲೇ ಊರಿ ಓದುವುದು ರೂಢಿ.

ಪಂಪು ಮೂರು ತಾಸು ಓಡಿತು. ಪಟ್ಟಿ ಐದು ಸೆಂಟಿಮೀಟರ್ ತೋರಿಸಿತು, ಅಂದರೆ ನಿಮಿಷಕ್ಕೆ ನಲವತ್ತಾರು ಲೀಟರ್. ಸಾಲದು.

ವಸ್ತಿಯ ಹಿರಿಯ ಗಿರಮಲ್ಲಪ್ಪ ಕೈಮುಗಿದ. ಆರು ಅಂತ ಬರಿಯಿರಿ, ಒಂದು ಸೆಂಟಿಮೀಟರ್ ಏನು ಮಹಾ ಅಂದ. ಶಿವಪುತ್ರ ನಕ್ಕು ಪಾಠ ಹೇಳಿದ. ನೀರು ಏರಿದಂತೆ ಕಚ್ಚಿನ ಅಗಲವೂ ಹೆಚ್ಚುತ್ತದೆ, ಓಟವೂ ಹೆಚ್ಚುತ್ತದೆ. ಐದು ಆರಾದರೆ ನೀರು ಒಂದೂವರೆ ಪಟ್ಟು ಮೀರಿ ಬರೆದಂತಾಗುತ್ತದೆ, ನಲವತ್ತಾರು ಎಪ್ಪತ್ತಮೂರಾಗುತ್ತದೆ. ಅದು ಒಂದು ಸೆಂಟಿಮೀಟರ್ ಸುಳ್ಳಲ್ಲ, ದೊಡ್ಡ ಸುಳ್ಳು.

ಲಗಮವ್ವ ಒಂದೇ ಮಾತು ಕೇಳಿದಳು: “ಖರೆ ನೋಡೀ ಏನೋ ತಮ್ಮಾ?”

“ಕಣ್ಣಾರೆ ನೋಡೇನಿ, ಅಕ್ಕಾ.”

ಅವನು ಐದು ಅಂತಲೇ ಬರೆದ. ವಾರದೊಳಗೆ ಪೈಪು ಕಿತ್ತರು; ಗುಂಡಿಗೆ ಕಲ್ಲು, ಮಣ್ಣು ಬಿತ್ತು. ಅಕ್ಕನ ಮನೆಯ ನೀರನ್ನೇ ಬಿಡದವನು ಅಂತ ಜಮಖಂಡಿಯ ಕಚೇರಿಯಲ್ಲಿ ಸಾಹೇಬರು ನಾಲ್ಕು ಜನರ ಮುಂದೆ ಹೊಗಳಿದರು. ಆ ಹೊಗಳಿಕೆಯನ್ನು ಅವನು ವರ್ಷವಿಡೀ ಒಳಗೊಳಗೇ ಸವಿದ.

ಈ ಬೇಸಿಗೆ ಲೋಕಾಪುರದ ಹತ್ತಿರ ಅದೇ ಪೆಟ್ಟಿಗೆ ಇಟ್ಟಾಗ ಪಟ್ಟಿ ಮತ್ತೆ ಐದನ್ನೇ ತೋರಿಸಿತು. ಹೊಲದ ಮಾಲಕ ಗಂಗಾರಾಮ ಬೀಳುವ ನೀರು ದಂಡ ಯಾಕೆ ಅಂತ ಕಚ್ಚಿನ ಕೆಳಗೆ ಇನ್ನೂರು ಲೀಟರಿನ ಡ್ರಮ್ಮು ಹಿಡಿದ. ಬೇಸರಕ್ಕೆ ಶಿವಪುತ್ರ ಮೊಬೈಲಿನಲ್ಲಿ ಹೊತ್ತು ನೋಡುತ್ತ ನಿಂತ. ಕೋಷ್ಟಕದ ಪ್ರಕಾರ ತುಂಬಲು ನಾಲ್ಕು ನಿಮಿಷದ ಮೇಲೆ ಬೇಕು. ಡ್ರಮ್ಮು ಎರಡೂ ಮುಕ್ಕಾಲು ನಿಮಿಷಕ್ಕೆ ತುಂಬಿತು. ಇನ್ನೊಮ್ಮೆ ಹಿಡಿಸಿದ; ಅಷ್ಟೇ.

ಪಂಪು ನಿಲ್ಲಿಸಿದ. ಕಚ್ಚಿನ ಮೊನೆಯವರೆಗೆ ನೀರು ಇಳಿದು ಸ್ತಬ್ಧವಾದ ಮೇಲೆ, ಪೆಟ್ಟಿಗೆಯ ಹಿಂದಿನ ಗೋಡೆಗೆ ಆ ಮಟ್ಟದಲ್ಲಿ ಗೀಟು ಎಳೆದ. ಮತ್ತೆ ಪಂಪು ಹಚ್ಚಿ ಗೀಟಿನಿಂದ ಅಳೆದ. ಆರು. ಕಚ್ಚಿನ ಹತ್ತಿರ ಹೋಗುತ್ತಿದ್ದಂತೆ ನೀರು ಬಾಗಿ ಇಳಿಯುತ್ತಿತ್ತು. ಅವನು ಪಟ್ಟಿ ಊರುತ್ತಿದ್ದದ್ದು ಆ ಬಾಗಿದ ನೀರಿಗೆ. ಟ್ರೇನಿಂಗಿನಲ್ಲಿ ಹಿಂದೆ ಸರಿದು ಅಳೆಯಿರಿ ಅಂತ ಹೇಳಿದ್ದರು. ಎಲ್ಲರೂ ಮಾಡುವುದನ್ನು ಅವನೂ ಮಾಡಿದ್ದ. ಅಂದರೆ ವಸ್ತಿಯ ಬೋರಿನಲ್ಲೂ ನಿಮಿಷಕ್ಕೆ ಎಪ್ಪತ್ತಮೂರು ಲೀಟರ್ ನೀರಿತ್ತು.

ಸಾಹೇಬರಿಗೆ ಹೇಳಿದ. ಅವರು ಬಾಗಿಲು ಮುಂದೆ ಮಾಡಿ, ಆ ಬೋರು ಕುಸಿದು ಹೋಗಿದೆ, ಹೊಸ ಬೋರುಗಳ ಯಾದಿಯಲ್ಲಿ ಆ ವಸ್ತಿಯ ಹೆಸರಿಲ್ಲ, ಈಗ ಬಾಯಿ ಬಿಟ್ಟರೆ ಆರು ವರ್ಷದ ಅಳತೆಯೆಲ್ಲ ಎದ್ದು ಕೂರುತ್ತದೆ ಅಂದರು. ಪೆಟ್ಟಿಗೆಯ ಹಿಂಬದಿಗೆ ಮಾತ್ರ ಮರುದಿನವೇ ಹೊಸ ಅಳತೆಪಟ್ಟಿ ಬಂತು.

ರವಿವಾರ ವಸ್ತಿಗೆ ಹೋದ. ಲಗಮವ್ವ ಆಗಷ್ಟೇ ಎರಡು ಕೊಡ ಇಳಿಸಿ ಕಟ್ಟೆಗೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಿದ್ದಳು. ಗಿರಮಲ್ಲಪ್ಪನೂ ಅಲ್ಲೇ ಇದ್ದ. ಶಿವಪುತ್ರ ನಿಂತೇ ಎಲ್ಲ ಹೇಳಿದ, ಒಂದನ್ನೂ ಮುಚ್ಚದೆ. ಬೈಯಲಿ, ಹೊಡೆಯಲಿ ಅಂತ ಕಾದ. ಗಿರಮಲ್ಲಪ್ಪ ಎದ್ದು ಕುರಿಗಳ ಕಡೆ ನಡೆದುಬಿಟ್ಟ.

ಲಗಮವ್ವ ಮೊಣಕಾಲು ತಿಕ್ಕುವುದನ್ನು ನಿಲ್ಲಿಸಿದಳು. ಆಮೇಲೆ ಹೇಳಿದಳು:

“ಆ ಒಂದ ಸೆಂಟಿಮೀಟರ್ ನಿನ್ನ ಕಡೆ ಭಿಕ್ಷೆ ಬೇಡಿದ್ವಿ ತಮ್ಮಾ. ಅದು ನಮ್ಮದ ಇತ್ತು.”

ತಂಬಿಗೆಯಲ್ಲಿ ನೀರು ತಂದು ಅವನ ಮುಂದಿಟ್ಟಳು. ಬಿಸಿಲಲ್ಲಿ ಬಂದವನು, ಗಂಟಲು ಆರಿತ್ತು. ಕುಡಿಯಲಾಗಲಿಲ್ಲ, ಬಿಡಲೂ ಆಗಲಿಲ್ಲ.