ಅರಗಿನ ಮನೆಗೆ ಬೆಂಕಿ: ಏಳು ಸಾವು

"ಬೆಂಕಿ ಬಿತ್ತೋ, ಹಚ್ಚಿದ್ರೋ?" ಎಂದು ಮುಖ್ಯ ಉಪಸಂಪಾದಕರು ಕೇಳಿದಾಗ ಅಪರಾಧ ವರದಿಗಾರ್ತಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳು ಬರೆದದ್ದು 'ಬೆಂಕಿ ಬಿದ್ದು' ಎಂದು. ಅಗ್ನಿ ಅವಘಡಗಳ ಸುದ್ದಿ ಬರೆದು ಬರೆದು ಬೆರಳಿಗೆ ಅಂಟಿಕೊಂಡಿದ್ದ ಮಾತು ಅದು.

ಸುದ್ದಿಮನೆಯಲ್ಲಿ ಎಲ್ಲರೂ ಅವರನ್ನು ಕತ್ತರಿ ಮೇಷ್ಟ್ರು ಎನ್ನುತ್ತಿದ್ದರು. ವಿಶೇಷಣ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಭಾನುವಾರದ ಪುರವಣಿಗೆ ಪುರಾಣದ ಒಂದು ಪ್ರಸಂಗವನ್ನು ಇವತ್ತಿನ ಸುದ್ದಿಯ ಹಾಗೆ ಬರೆಸೋಣ ಎಂದು ಯೋಚಿಸಿದವರೂ ಅವರೇ, ಅದನ್ನು ಕಥೆ ಬರೆಯುವವರಿಗೆ ಕೊಡದೆ ಅಪರಾಧ ವಿಭಾಗಕ್ಕೆ ಕೊಟ್ಟವರೂ ಅವರೇ. ಅವಳು ಅರಗಿನ ಮನೆಯನ್ನು ಆರಿಸಿಕೊಂಡಿದ್ದಳು. ರಾಜನ ಕಡೆಯವರು ಐವರು ರಾಜಕುಮಾರರನ್ನೂ ಅವರ ತಾಯಿಯನ್ನೂ ಸುಟ್ಟು ಕೊಲ್ಲಲೆಂದೇ ಅರಗು, ತುಪ್ಪ, ಸೆಣಬು ಸೇರಿಸಿ ಕಟ್ಟಿಸಿದ ಮನೆ. ಸಂಚು ಮೊದಲೇ ತಿಳಿದ ಅಣ್ಣತಮ್ಮಂದಿರು ಸುರಂಗ ತೋಡಿಸಿಕೊಂಡು ಪಾರಾಗುತ್ತಾರೆ. ಎಲ್ಲರಿಗೂ ಗೊತ್ತಿರುವ ಕಥೆ. ಬರೆಯುವುದು ಸಲೀಸು ಎಂದುಕೊಂಡಿದ್ದಳು.

ಮೊದಲ ಕರಡಿನ ಮೊದಲ ವಾಕ್ಯದಲ್ಲಿ ರಾಜಕುಮಾರರು ಪಾರಾಗಿದ್ದರು. ಮೇಷ್ಟ್ರು ಅದನ್ನು ಓದಿ, ಸುದ್ದಿಯಲ್ಲಿ ಮೊದಲು ಬರಬೇಕಾದವರು ಯಾರು ಎಂದು ಕೇಳಿದರು. ಸತ್ತವರು ಎಂದಳು. ಹಾಗಾದರೆ ಸತ್ತವರು ಯಾರು? ಅವಳು ಮೂಲವನ್ನು ಮತ್ತೆ ತೆರೆದು ಓದಿದಳು. ಆ ದಿನ ರಾಜಕುಮಾರರ ತಾಯಿ ಊರವರಿಗೆಲ್ಲ ಊಟ ಹಾಕಿದ್ದಳು. ಬೇಟೆಯಾಡಿ ಬದುಕುವ ಹೆಂಗಸೊಬ್ಬಳು ತನ್ನ ಐವರು ಗಂಡುಮಕ್ಕಳೊಂದಿಗೆ ಬಂದು, ಉಂಡು, ಕುಡಿದು, ಅಲ್ಲೇ ಮಲಗಿದ್ದಳು. ಸಂಚು ನಡೆಸಬೇಕಿದ್ದ ರಾಜನ ಅಧಿಕಾರಿಯೂ ಅಲ್ಲೇ ಮಲಗಿದ್ದ. ಬೆಂಕಿ ಹಚ್ಚಿದವನು ಎರಡನೆಯ ರಾಜಕುಮಾರ. ಮೊದಲು ಅಧಿಕಾರಿ ಮಲಗಿದ್ದ ಕಡೆಗೆ, ಆಮೇಲೆ ಬಾಗಿಲಿಗೆ, ಆಮೇಲೆ ಸುತ್ತಲೂ. ಬೆಳಿಗ್ಗೆ ಅಧಿಕಾರಿಯದಲ್ಲದೆ ಸಿಕ್ಕ ಇನ್ನಾರು ಹೆಣ ನೋಡಿ ಊರು ರಾಜಕುಮಾರರಿಗಾಗಿ, ಅವರ ತಾಯಿಗಾಗಿ ಅತ್ತಿತು. ಆ ಹೆಂಗಸಿಗಾಗಿ ಯಾರೂ ಅಳಲಿಲ್ಲ.

"'ಬಿದ್ದು' ಅಂದ್ರೆ ಆಕಾಶದಿಂದ ಬಿತ್ತು ಅಂತ ಆಗುತ್ತೆ. ಹಚ್ಚಿದವನು ಗೊತ್ತಿದ್ದೂ ಹಾಗೆ ಬರೆದ್ರೆ ಅದು ಸುಳ್ಳು ಕಣಮ್ಮ," ಎಂದರು ಮೇಷ್ಟ್ರು.

ಅವಳು ಮತ್ತೆ ಬರೆದಳು. 'ಅತಿಥಿಗೃಹಕ್ಕೆ ಅಲ್ಲಿ ವಾಸವಿದ್ದವರೇ ಬೆಂಕಿ ಹಚ್ಚಿದ್ದರಿಂದ, ಒಳಗೆ ಮಲಗಿದ್ದ ಮಹಿಳೆ, ಆಕೆಯ ಐವರು ಮಕ್ಕಳು ಹಾಗೂ ಒಬ್ಬ ಅಧಿಕಾರಿ ಸತ್ತಿದ್ದಾರೆ. ಮಹಿಳೆ ಮತ್ತು ಮಕ್ಕಳ ಹೆಸರು ಗೊತ್ತಾಗಿಲ್ಲ.' ಎರಡನೆಯ ಪ್ಯಾರಾದಲ್ಲಿ, ಮನೆಯನ್ನು ಕಟ್ಟಿಸಿದ್ದೇ ರಾಜಕುಮಾರರನ್ನು ಕೊಲ್ಲಲು ಎಂಬುದನ್ನು ಹೇಳಿದಳು; ಹೇಳದಿದ್ದರೆ ಅವರಿಗೆ ಅನ್ಯಾಯವಾಗುತ್ತಿತ್ತು. ಸತ್ತವರು ರಾಜಕುಮಾರರೇ ಎಂದು ಅರಮನೆ ಹೇಳಿದ್ದನ್ನು ಅರಮನೆಯ ಹೇಳಿಕೆ ಎಂದೇ ಬರೆದಳು. ಸುರಂಗದ ಬಾಯಿಯನ್ನು ಬೂದಿಯಿಂದ ಮುಚ್ಚಿದ್ದು ಕೆಳಗೆ ಹೋಯಿತು, ಪುಟದಲ್ಲಿ ಜಾಗ ಸಾಲದೆ ಕೊನೆಯಿಂದ ಕತ್ತರಿಸಿದರೂ ಸುದ್ದಿ ಕೆಡದ ಹಾಗೆ. 'ಭೀಕರ', 'ದಾರುಣ', 'ಮನಕಲಕುವ' ಎಂಬ ಮೂರನ್ನೂ ಮೇಷ್ಟ್ರು ಹೊಡೆದುಹಾಕಿದರು. ಏಳು ಸಾವು ಎಂದ ಮೇಲೆ ಅವೆಲ್ಲ ಯಾಕೆ ಎಂದರು. ಆ ಹೆಂಗಸು, ಮಕ್ಕಳು ಒಳಗೆ ಮಲಗಿದ್ದದ್ದು ಹಚ್ಚಿದವರಿಗೆ ಗೊತ್ತಿತ್ತೇ ಎಂಬುದರ ಮೇಲೆ ಇಬ್ಬರೂ ಬಹಳ ಹೊತ್ತು ಜಗ್ಗಾಡಿದರು. ಊಟ ಬಡಿಸಿದವರಿಗೆ ಗೊತ್ತಿರದೆ ಇರುತ್ತದೆಯೇ ಎಂದು ಅವಳ ವಾದ. ಅದು ನಿನ್ನ ಊಹೆ, ಮೂಲದಲ್ಲಿ ಇಲ್ಲ ಎಂದು ಅವರದು. ಕೊನೆಗೆ, 'ಈ ಬಗ್ಗೆ ಖಚಿತ ಮಾಹಿತಿ ಇಲ್ಲ. ರಾಜಕುಮಾರರು ಪ್ರತಿಕ್ರಿಯೆಗೆ ಸಿಕ್ಕಿಲ್ಲ' ಎಂದು ನಿಂತಿತು. ಪುಟ ವಿನ್ಯಾಸ ಮಾಡುವ ಹುಡುಗಿ ಕೊನೆಯ ಸಾಲು ಓದಿ ಕಿಸಕ್ಕನೆ ನಕ್ಕಳು.

ಭಾನುವಾರ ಪುರವಣಿ ಬಂತು. ಮಧ್ಯಾಹ್ನದ ಹೊತ್ತಿಗೆ ಯಾರೋ ತಲೆಬರಹವನ್ನಷ್ಟೇ ಕತ್ತರಿಸಿ, ನಮ್ಮ ವೀರರನ್ನು ಕೊಲೆಗಡುಕರು ಎಂದಿದ್ದಾರೆ ಎಂಬ ಒಕ್ಕಣೆ ಸೇರಿಸಿ ಫೋನಿನಿಂದ ಫೋನಿಗೆ ಹರಿಯಬಿಟ್ಟರು. ವರದಿಯಲ್ಲಿ ಕೊಲೆಗಡುಕರು ಎಂಬ ಪದವೇ ಇರಲಿಲ್ಲ.

ಸೋಮವಾರ ಸಂಪಾದಕೀಯ ಸಭೆಗೆ ಎಲ್ಲರೂ ಕುರ್ಚಿ ಎಳೆದುಕೊಳ್ಳುತ್ತಿದ್ದಾಗ ಕೆಳಗೆ ಗಾಜು ಒಡೆಯಿತು. ಮೆಟ್ಟಿಲು ಹತ್ತಿ ಬಂದವರ ಮುಖಕ್ಕೆ ಕರವಸ್ತ್ರವಿತ್ತು, ಕೈಯಲ್ಲಿ ಕಬ್ಬಿಣದ ಸರಳುಗಳಿದ್ದವು. ಮೊದಲು ಕಂಪ್ಯೂಟರುಗಳನ್ನು ಒಡೆದರು. ಪುಟ ವಿನ್ಯಾಸದ ಹುಡುಗಿಯ ಜಡೆ ಹಿಡಿದು ಮೇಜಿಗೆ ಹಣೆ ಚಚ್ಚಿದರು. ಅವಳ ಹುಬ್ಬು ಸೀಳಿ ಕಣ್ಣೊಳಗೆ ರಕ್ತ ಇಳಿಯಿತು. ಬರೆದವರು ಯಾರು ಎಂದು ಒಬ್ಬ ಕೇಳಿದ. ನಾನೇ ಎಂದು ಮೇಷ್ಟ್ರು ಮುಂದೆ ಬಂದರು. ಸರಳು ಮೇಲೆದ್ದಾಗ ಬಲಗೈ ಅಡ್ಡ ಹಿಡಿದರು. ಮೊಣಕೈ ಮುರಿದ ಸದ್ದು ವರದಿಗಾರ್ತಿಗೆ ಕೇಳಿಸಿತು. ಅವರು ಕೆಳಗೆ ಬಿದ್ದ ಮೇಲೂ ಬಂದವರು ಪಕ್ಕೆಗೆ ಒದ್ದರು. ಅವಳು ಅವರ ಮೇಲೆ ಅಡ್ಡ ಬಿದ್ದಳು; ಬೆನ್ನಿಗೆ ಎರಡು ಏಟು ಬಿದ್ದು ಉಸಿರು ಕಟ್ಟಿತು.

ಬಂದವರು ಇಳಿದುಹೋದ ಮೇಲೆ ಅವಳು ಎದ್ದು ಕಿಟಕಿ ಹಿಡಿದು ನಿಂತಾಗ ಕೆಳಗಿನ ಅಂಗಳ ಕಂಡಿತು. ಕಾಗದದ ಉರುಳೆಗಳಿದ್ದ ಗೋದಾಮಿನ ಬಾಗಿಲಲ್ಲಿ ಒಬ್ಬ ಬಾಟಲಿಯ ಬಾಯಿಗೆ ತುರುಕಿದ್ದ ಬಟ್ಟೆಗೆ ಕಡ್ಡಿ ಗೀರುತ್ತಿದ್ದ. ಕರವಸ್ತ್ರ ಕೊರಳಿಗೆ ಜಾರಿತ್ತು. ಅವನು ಬಾಟಲಿ ಎಸೆದ. ಜ್ವಾಲೆ ಹಿಂದಕ್ಕೆ ಚಿಮ್ಮಿ ಕೈ ಸುಟ್ಟಿತು. ಕೈ ಒದರುತ್ತ ಓಡಿದ. ಅವಳ ತಮ್ಮ.

ಗೋದಾಮಿನಲ್ಲಿ ಮುದ್ರಣ ವಿಭಾಗದ ಸಹಾಯಕನೊಬ್ಬ ರಾತ್ರಿಪಾಳಿ ಮುಗಿಸಿ ಮಲಗಿದ್ದ. ಅಗ್ನಿಶಾಮಕದವರು ಅವನನ್ನು ಹೊರಗೆ ತಂದಾಗ ಮೈ ಮಡಚಿಕೊಂಡಿತ್ತು, ಮುಖ ಉಳಿದಿರಲಿಲ್ಲ. ಪಾಳಿಯ ಮೇಸ್ತ್ರಿ ಬಂದು ಹೆಸರು ಹೇಳುವವರೆಗೆ ಸುದ್ದಿಮನೆಯ ಒಬ್ಬರಿಗೂ ಅದು ಯಾರೆಂದು ಗೊತ್ತಾಗಲಿಲ್ಲ.

ಅವಳು ಮನೆಗೆ ಹೋದಾಗ ತಮ್ಮ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಅಮ್ಮ ಅವನ ಅಂಗೈಗೆ ಮುಲಾಮು ಹಚ್ಚುತ್ತಿದ್ದಳು. ಬೊಬ್ಬೆಗಳು ಒಡೆದು ನೀರಾಡುತ್ತಿದ್ದವು. ಗಾಡಿಯ ಎಂಜಿನ್ ತಗುಲಿ ಸುಟ್ಟಿತಂತೆ ಎಂದಳು ಅಮ್ಮ. ಇವಳು ಬಾಗಿಲಲ್ಲೇ ನಿಂತು, ನಾನು ಕಿಟಕಿಯಿಂದ ನೋಡಿದೆ ಎಂದಳು. ಅಮ್ಮನ ಬೆರಳು ನಿಂತಿತು.

"ಒಳಗೆ ಬರೀ ಕಾಗದ ಇದೆ ಅಂದಿದ್ರು ಅಕ್ಕಾ. ಯಾರೂ ಇಲ್ಲ ಅಂದಿದ್ರು," ಎಂದ ತಮ್ಮ.

"ನೀನು ನೋಡಿದ್ಯಾ?"

"ಬಾಗಿಲು ಅರ್ಧ ಮುಂದೆ ಹಾಕಿತ್ತು. ಒಳಗೆ ಕತ್ತಲೆ."

"ನಾನು ಬರೆದಿದ್ದನ್ನಾದ್ರೂ ಓದಿದ್ಯಾ?"

ಅವನು ತಲೆ ಎತ್ತಲಿಲ್ಲ. ತಲೆಬರಹ ಕಳಿಸಿದ್ದರು ಎಂದ. ಪುರವಣಿಯಲ್ಲಿ ನಿನ್ನ ಹೆಸರು ನೋಡಿದ್ದರೆ ಹೋಗುತ್ತಿರಲಿಲ್ಲ ಎಂದ. ಆಮೇಲೆ, ಇಲ್ಲ, ಹೆಸರು ನೋಡಿದ್ದೆ ಎಂದ. ಅವಳು ಠಾಣೆಗೆ ಹೋಗೋಣ ಬಾ, ನಾನೂ ಬರುತ್ತೇನೆ ಎಂದು ಅವನ ತೋಳು ಹಿಡಿದಳು. ಅವನು ಎದ್ದವನೇ ಸುಡದಿದ್ದ ಕೈಯಿಂದ ಅವಳ ಮುಖಕ್ಕೆ ಗುದ್ದಿದ. ತುಟಿ ಹಲ್ಲಿಗೆ ಸಿಕ್ಕಿ ಹರಿಯಿತು. ಮತ್ತೆ ಕೈ ಎತ್ತಿದಾಗ ಅಮ್ಮ ನಡುವೆ ಬಂದಳು. ಆ ಏಟು ಅಮ್ಮನ ಕಿವಿಗೆ ಬಿತ್ತು. ಆಮೇಲೆ ಅವನು ಹಿತ್ತಲ ಬಾಗಿಲಿಂದ ಓಡಿಹೋದ.

"ಒಡಹುಟ್ಟಿದವನನ್ನ ಕೈಯಾರೆ ಹಿಡಿದುಕೊಡ್ತೀಯೇನೇ?" ಎಂದಳು ಅಮ್ಮ. ಮಗಳು ಬಾಯಿ ಮುಕ್ಕಳಿಸಿ ಉಗುಳಿ, ಚಪ್ಪಲಿ ಮೆಟ್ಟಿದಳು.

ಠಾಣೆಯಲ್ಲಿ ಹೇಳಿಕೆ ಕೊಟ್ಟು, ಅದರ ಪ್ರತಿ ಹಿಡಿದು ಆಸ್ಪತ್ರೆಗೆ ಹೋದಳು. ಮೇಷ್ಟ್ರ ಬಲಗೈಗೆ ಭುಜದವರೆಗೂ ಪಟ್ಟಿ ಕಟ್ಟಿದ್ದರು. ನಗರ ವರದಿಗಾರ ಮಂಚದ ಪಕ್ಕ ಲ್ಯಾಪ್‌ಟಾಪ್ ತೆರೆದುಕೊಂಡು ದಾಳಿಯ ಸುದ್ದಿ ಓದಿ ಹೇಳುತ್ತಿದ್ದ. ತಮ್ಮನ ವಿಷಯ ಹೇಳಿ, ತಾನೇ ಬರೆಯುತ್ತೇನೆ ಎಂದು ಅವಳು ಕೈ ಚಾಚಿದಳು. ಮೇಷ್ಟ್ರು ಬೇಡ ಎಂದರು. ಏಟು ತಿಂದವಳು, ಕಣ್ಣಾರೆ ಕಂಡವಳು, ಆರೋಪಿಯ ಅಕ್ಕ. ಇಷ್ಟಾದ ಮೇಲೆ ನೀನು ವರದಿಗಾರ್ತಿಯಲ್ಲ, ಸಾಕ್ಷಿ ಎಂದರು. ಅವಳಿಗೂ ಅದು ಗೊತ್ತಿತ್ತು. ನಗರ ವರದಿಗಾರ ಅವಳ ಮುಖ ನೋಡಲಾಗದೆ, ದುಷ್ಕರ್ಮಿಗಳು ಬೆಂಕಿ ಹಚ್ಚಿದ್ದಾರೆ ಎಂದಷ್ಟೇ ಹಾಕಬಹುದು ಎಂದ. ಮಾಲೀಕರೂ ಅದನ್ನೇ ಬಯಸಿದ್ದಾರಂತೆ. ಇಲ್ಲವೇ, ಹೆಸರು ಹೇಳಲು ಇಷ್ಟಪಡದ ಪ್ರತ್ಯಕ್ಷದರ್ಶಿ ಎನ್ನಬಹುದು.

"ನನಗೆ ಇಷ್ಟ ಇದೆ," ಎಂದಳು ಅವಳು. ತುಟಿ ಊದಿದ್ದರಿಂದ ಮಾತು ತೊದಲಿತು. "ಹೆಸರು ಹಾಕು. ಅಕ್ಕ ಅಂತಾನೂ ಹಾಕು. ಇಲ್ಲದಿದ್ರೆ ಓದೋರಿಗೆ ನಾನು ಯಾರು ಅಂತ ಗೊತ್ತಾಗಲ್ಲ."

ಅವನು ಮೇಷ್ಟ್ರ ಕಡೆ ನೋಡಿದ. ಅವರು ಹೇಳಿಕೆಯ ಪ್ರತಿಯನ್ನು ಎಡಗೈಯಲ್ಲಿ ಹಿಡಿದು ಓದಿದರು. ಮಾಲೀಕರ ಹತ್ತಿರ ತಾನೇ ಮಾತಾಡುತ್ತೇನೆ ಎಂದರು. ಆಮೇಲೆ, ತಪ್ಪಿತಸ್ಥ ಎನ್ನಬೇಡ, ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಹೀಗಿದೆ ಎನ್ನು; ಒಳಗೆ ಯಾರೂ ಇಲ್ಲ ಎಂದು ಬೆಂಕಿ ಹಚ್ಚಿದವರು ತಿಳಿದಿದ್ದರಂತೆ ಎಂಬುದನ್ನೂ ಬರೆ, ಅದೂ ಇವಳ ಹೇಳಿಕೆಯಲ್ಲೇ ಇದೆ ಎಂದರು. ಮೊದಲ ವಾಕ್ಯದಲ್ಲಿ ಸತ್ತವನ ಹೆಸರು ಬಂತು. ಎರಡನೆಯದರಲ್ಲಿ ಅವಳ ತಮ್ಮನ ಹೆಸರು. ನಗರ ವರದಿಗಾರ 'ಅಮಾನುಷವಾಗಿ' ಎಂದು ಬರೆದಿದ್ದ ಕಡೆ ಮೇಷ್ಟ್ರು ಕಣ್ಣಿನಲ್ಲೇ ಅಳಿಸು ಎಂದರು.

ತಮ್ಮ ಮರುದಿನ ಬಸ್ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಕೈ ಕೀವಾಗಿ ಜ್ವರ ಬಂದಿತ್ತಂತೆ, ಓಡಲಿಲ್ಲವಂತೆ.

ಆ ಬೆಳಿಗ್ಗೆ ಅಮ್ಮ ಪತ್ರಿಕೆ ತಂದು ಮಗಳ ಮುಂದಿಟ್ಟಳು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಎಡ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ಬಲ ಕಿವಿ ಈ ಕಡೆ ತಿರುಗಿಸಿ ಕೂತಳು. ಮಗಳು ಎಲ್ಲೂ ದನಿ ಏರಿಸದೆ ಇಳಿಸದೆ ಓದಿದಳು. ಮಗನ ಹೆಸರು ಬಂದಾಗ ಅಮ್ಮ ಅಲುಗಲಿಲ್ಲ. ಮುಗಿದ ಮೇಲೆ ಮೊದಲ ಸಾಲು ಇನ್ನೊಮ್ಮೆ ಓದು ಎಂದಳು. ಓದಿದಳು.

"ಅವನಿಗೆ ತಾಯಿ ಇದಾಳಾ?"

"ಇದಾಳೆ. ರೈಲ್ವೆ ಹಳಿ ಆಚೆ ಮನೆ."

ಅಮ್ಮ ಎದ್ದು ಒಳಗೆ ಹೋದಳು. ಒಲೆ ಆರಿಸಿದ ಸದ್ದು, ಪೆಟ್ಟಿಗೆ ತೆರೆದ ಸದ್ದು ಕೇಳಿಸಿತು. ಬಂದಾಗ ಸೀರೆ ಬದಲಾಯಿಸಿದ್ದಳು. ಬೀಗ ಮಗಳ ಕೈಗೆ ಕೊಟ್ಟು ಮೆಟ್ಟಿಲಿಳಿದಳು.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅಮ್ಮ ಕಿಟಕಿಯ ಪಕ್ಕ ಕೂತಳು. ಹಳಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಬಸ್ಸು ಕುಲುಕಿದಾಗಲೆಲ್ಲ ಅವಳ ಭುಜ ಮಗಳ ಭುಜಕ್ಕೆ ತಾಗುತ್ತಿತ್ತು. ಹೊರಗೆ ಗೂಡಿನಂಥ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಮನೆಯ ಮುಂದೆ ಚಪ್ಪಲಿಗಳು ರಾಶಿ ಬಿದ್ದಿದ್ದವು. ಅಮ್ಮ ಎದ್ದು ನಿಂತು, ಕಂಬಿ ಹಿಡಿದುಕೊಂಡು, ಬಸ್ಸು ನಿಲ್ಲುವುದನ್ನು ಕಾದಳು.