ಸೊಳ್ಳೆ ಓಡಿಸುವ ಗಿಡ

ದಾನೇಶ್ವರಿಗೆ ತಲೆಬುಡ ತಿಳಿಯಲಿಲ್ಲ. ಸೊಳ್ಳೆ ಹತ್ತಿರ ಸುಳಿಯುವುದಿಲ್ಲವೆಂದು ಗುಂಡ್ಲುಪೇಟೆಯ ನರ್ಸರಿಯವನು ಕೊಟ್ಟ ಸಿಟ್ರೊನೆಲ್ಲಾ ಹುಲ್ಲಿನ ಕುಂಡ ಕಿಟಕಿಯಲ್ಲೇ ಇತ್ತು. ಸೊಳ್ಳೆ ಹಾಡುಹಗಲೇ ಕಚ್ಚುತ್ತಿತ್ತು. ಆ ಹುಲ್ಲಿನ ಎಣ್ಣೆ ತಂದು ಹಚ್ಚಿಕೊಂಡರೆ ಅರ್ಧ ಗಂಟೆ ನೆಮ್ಮದಿ, ಆಮೇಲೆ ಇನ್ನೂ ಘಮಗುಡುವ ಕೈಯ ಮೇಲೇ ಸೊಳ್ಳೆ. ಅತ್ತೆ ಚಿಕ್ಕಮಲ್ಲಮ್ಮ ಬೇವಿನ ಸೊಪ್ಪಿನ ಹೊಗೆ ಹಾಕಿದರು. ಹೊಗೆ ಇರುವಷ್ಟು ಹೊತ್ತು ಸೊಳ್ಳೆ ಕಡಿಮೆ, ಕೆಮ್ಮು ಜಾಸ್ತಿ. ಹೊಗೆ ಆರಿತು, ಸೊಳ್ಳೆ ಬಂತು.

“ಎಲ್ಲಿಂದ ಬತ್ತವೆ ಅತ್ತೆ ಇವು?”

“ನಂಗೇನ್ ಗೊತ್ತು ಕಣಮ್ಮಿ? ನಿನ್ ಗಿಡಾನೇ ಕೇಳು.”

ಸಿಟ್ಟಿನಿಂದ ಬಿಸಾಡಲೆಂದು ದಾನೇಶ್ವರಿ ಕುಂಡ ಎತ್ತಿದಳು. ಅಡಿಯ ತಟ್ಟೆಯಲ್ಲಿ ವಾರದಿಂದ ನಿಂತ ನೀರು. ಅದರ ತುಂಬ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

ಅತ್ತೆ ಬಗ್ಗಿ ನೋಡಿದರು.

“ಅವಕ್ಕೆ ಗಮಗಮ ಅನ್ನೋ ತೊಟ್ಲು ಕಟ್ಬುಟ್ಟಿದ್ದೀಯಲ್ಲಮ್ಮಿ!”