ಚಿತ್ರದ ಬೆನ್ನಿಗೆ ಬರೆದ ಮಾತು

ಭಾವ ಫೋನ್ ಮಾಡುವವರಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಯಂತ್ರಗಳ ಪಕ್ಕ ಮೂವತ್ತು ವರ್ಷ ನಿಂತು ಅವರ ಕಿವಿ ಪೂರ್ತಿ ಹೋಗಿದೆ. ಏನಿದ್ದರೂ ಬರೆದು ಕಳಿಸುತ್ತಾರೆ. ಬುಧವಾರ ಬೆಳಿಗ್ಗೆ ಅವರ ನಂಬರಿನಿಂದ ಫೋನ್ ಬಂದಾಗಲೇ ಏನೋ ಆಗಿದೆಯೆಂದು ಗೊತ್ತಾಯಿತು. ನನ್ನ ಹಲೋ ಅವರಿಗೆ ಕೇಳುವ ಹಾಗಿರಲಿಲ್ಲ. ಅವರೇ ಕೂಗಿದರು: "ನಿಮ್ಮಕ್ಕ ದೊಡ್ಡಾಸ್ಪತ್ರೆಲಿದ್ದಾಳೆ. ಹೆಂಗಸರ ವಾರ್ಡು. ಬೇಗ ಬಾ."

ಅಷ್ಟು ಹೇಳಿ ಇಟ್ಟುಬಿಟ್ಟರು.

ವಾರ್ಡಿನಲ್ಲಿ ಹಾಸಿಗೆ ಸಾಲದೆ ನಡುವಿನ ಓಣಿಯಲ್ಲೂ ಮಂಚ ಹಾಕಿದ್ದರು. ಅಕ್ಕ ಕಿಟಕಿಯ ಪಕ್ಕ ಮಲಗಿದ್ದಳು. ಕೈಗೆ ಡ್ರಿಪ್ ಹಾಕಿದ್ದರು. ಒಂದೇ ರಾತ್ರಿಯಲ್ಲಿ ಕೆನ್ನೆ ಒಳಕ್ಕೆ ಹೋಗಿತ್ತು, ತುಟಿ ಒಣಗಿ ಬಿರಿದಿತ್ತು. ರಾತ್ರಿಯಿಡೀ ವಾಂತಿ ಭೇದಿ, ಬೆಳಿಗ್ಗೆ ಎದ್ದು ನಿಲ್ಲಲಾರದೆ ಬಚ್ಚಲಲ್ಲಿ ಕುಸಿದಳಂತೆ. ನರ್ಸಮ್ಮ ಚೀಟಿ ನೋಡುತ್ತಾ, "ಸೋಮವಾರದಿಂದ ನಲ್ಲಿ ನೀರು ಕುಡೀತಿದ್ರಂತೆ, ಕಾಯಿಸದೇನೇ" ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಹೆದರಿಕೆ ಬಂದಾಗ ನನಗೆ ಮೊದಲು ಬರುವುದೇ ಸಿಟ್ಟು.

"ಅಲ್ಲ ಕಣೇ, ನಿನಗೆ ಬುದ್ಧಿ ನೆಟ್ಟಗಿದ್ಯಾ? ಒಳಚರಂಡಿ ಒಡೆದು ನಲ್ಲಿ ನೀರಿಗೆ ಸೇರಿದೆ, ಕುಡೀಬೇಡಿ ಅಂತ ಊರಿಗೆಲ್ಲ ಹೇಳಿದ್ದೀವಿ. ಸೋಮವಾರ ಮಧ್ಯಾಹ್ನವೇ ಫೇಸ್‌ಬುಕ್ಕಲ್ಲಿ ಹಾಕಿದ್ದೀನಿ. ನೀರಿನ ಕಚೇರಿಯವನ ಅಕ್ಕ ಆಗಿ ನೀನೇ ಕುಡಿದ್ಯಲ್ಲ!"

ಅಕ್ಕ ನನ್ನ ದನಿಯ ಕಡೆ ಮುಖ ತಿರುಗಿಸಿದಳು. "ನೀನೇ ಕುಡೀ ಅಂದ್ಯಲ್ಲೋ."

"ನಾನಾ?"

"ಮತ್ತಿನ್ಯಾರು, ನಿಮ್ಮ ಸಾಹೇಬ್ರಾ?"

ನಾನು ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ವಾಲ್ವ್ ತಿರುಗಿಸಿದವನು. ಮೊಣಕಾಲು ಕೈಕೊಟ್ಟ ಮೇಲೆ ನನ್ನನ್ನು ಮೇಜಿನ ಮುಂದೆ ಕೂರಿಸಿ, ಕಚೇರಿಯ ಫೇಸ್‌ಬುಕ್ ಪುಟವನ್ನು ಕೊರಳಿಗೆ ಕಟ್ಟಿದರು. ಯಾವ ಬಡಾವಣೆಗೆ ಯಾವಾಗ ನೀರು, ಎಲ್ಲಿ ಪೈಪು ಒಡೆದಿದೆ, ಎಲ್ಲವನ್ನೂ ಚಿತ್ರ ಮಾಡಿ ಹಾಕುವುದು ನನ್ನ ಕೆಲಸ. ಮೊದಮೊದಲು ಅಣೆಕಟ್ಟಿನ ಫೋಟೊ ಮೇಲೆ ಹಳದಿ ಅಕ್ಷರ ಬರೆದು ಹಾಕುತ್ತಿದ್ದೆ. ನೋಡಲು ಮದುವೆ ಮಂಟಪದ ಹಾಗಿರುತ್ತಿತ್ತು. ಓದಲು ಮಾತ್ರ ಕಣ್ಣಿದ್ದವರಿಗೂ ಆಗುತ್ತಿರಲಿಲ್ಲ.

ಅಕ್ಕನಿಗೆ ಮೂವತ್ತನಾಲ್ಕನೇ ವಯಸ್ಸಿಗೆ ಕಣ್ಣಿನ ನರ ಸತ್ತು ದೃಷ್ಟಿ ಹೋಯಿತು. ಅವಳ ಫೋನು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ. ಆದರೆ ಚಿತ್ರದೊಳಗೆ ಬರೆದ ಅಕ್ಷರವನ್ನು ಅದು ಸರಿಯಾಗಿ ಓದಲಾರದು, ಬರೀ "ಚಿತ್ರ" ಅಂದು ಮುಂದಕ್ಕೆ ಹೋಗುತ್ತದೆ. ಎರಡು ವರ್ಷದ ಹಿಂದೆ ಒಂದು ದಿನ ಅವಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಉಗಿದಳು. "ದಿನಾ ಚಿತ್ರ, ಚಿತ್ರ, ಚಿತ್ರ. ನೀರು ಬರುತ್ತೋ ಬರಲ್ವೋ ಅದನ್ನ ಹೇಳೋ ದರಿದ್ರದವನೇ!" ಚಿತ್ರದ ಬೆನ್ನಿಗೆ ವಿವರಣೆ ಬರೆಯಲು ಒಂದು ಜಾಗ ಇರುತ್ತದೆಂದೂ, ಅದು ನೋಡುವವರಿಗೆ ಕಾಣದೆ ಕೇಳುವವರಿಗೆ ಮಾತ್ರ ಕೇಳಿಸುತ್ತದೆಂದೂ ಅವತ್ತೇ ನನಗೆ ಗೊತ್ತಾದದ್ದು. ಅವತ್ತಿನಿಂದ ಒಂದು ಚಿತ್ರಕ್ಕೂ ವಿವರಣೆ ತಪ್ಪಿಸಿರಲಿಲ್ಲ. ವಿಡಿಯೊ ಹಾಕಿದರೆ ಭಾವನಂಥವರಿಗಾಗಿ ಮಾತನ್ನೆಲ್ಲ ಕೆಳಗೆ ಅಕ್ಷರದಲ್ಲಿ ಹಾಕುತ್ತಿದ್ದೆ. ಯಂತ್ರ ತಾನಾಗಿ ಹಾಕುವ ಅಕ್ಷರದಲ್ಲಿ ಹತ್ತಕ್ಕೆ ನಾಲ್ಕು ತಪ್ಪು. ಅದನ್ನು ಕೂತು ತಿದ್ದುತ್ತಿದ್ದೆ. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

"ಕೇಳು" ಅಂದಳು ಅಕ್ಕ. ಡ್ರಿಪ್ ಇಲ್ಲದ ಕೈಯಿಂದ ದಿಂಬಿನಡಿಯ ಫೋನು ತೆಗೆದು, ನನಗೆ ಅರ್ಥವಾಗಲೆಂದು ಓದುವ ವೇಗ ತಗ್ಗಿಸಿದಳು. ಸೋಮವಾರದ ಪೋಸ್ಟಿಗೆ ಹೋದಳು. ಫೋನಿನ ದನಿ ಶುರುವಾಯಿತು:

"ಮುಖ್ಯ ಪ್ರಕಟಣೆ. ವಿವರಗಳಿಗೆ ಚಿತ್ರ ನೋಡಿ. ಚಿತ್ರ. ಪೈಪಿನ ದುರಸ್ತಿ ಮುಗಿದಿದೆ. ನಲ್ಲಿಯ ನೀರನ್ನು ಎಂದಿನಂತೆ ಕುಡಿಯಬಹುದು."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ.

"ಇನ್ನೊಂದ್ಸಲ ಹಾಕು."

ಹಾಕಿದಳು. ಎಂದಿನಂತೆ ಕುಡಿಯಬಹುದು.

ಭಾವ ಅವಳ ಕೈಯಿಂದ ಫೋನು ತೆಗೆದುಕೊಂಡು ಪರದೆಯನ್ನು ನನ್ನ ಮುಖಕ್ಕೆ ಹಿಡಿದರು. ಅದೇ ಪೋಸ್ಟು. ಬಿಳಿ ಚೌಕ, ಕೆಂಪು ಅಕ್ಷರ: ನಲ್ಲಿಯ ನೀರನ್ನು ಕುಡಿಯಬೇಡಿ. ಒಂದೇ ಪೋಸ್ಟು, ಕಣ್ಣಿಗೊಂದು ಹೇಳುತ್ತಿತ್ತು, ಕಿವಿಗೊಂದು ಹೇಳುತ್ತಿತ್ತು.

ಸ್ಟೂಲು ಎಳೆದುಕೊಂಡು ಕೂತೆ. ಏನಾಯಿತೆಂದು ಆಗ ಹೊಳೆಯಿತು. ಸೋಮವಾರ ಅವಸರವಾಗಿತ್ತು, ಸಾಹೇಬರು ತಲೆಯ ಮೇಲೆ ನಿಂತಿದ್ದರು. ಹೊಸದು ಮಾಡುವಷ್ಟು ಪುರಸೊತ್ತಿಲ್ಲವೆಂದು ಹಿಂದಿನ ವಾರದ ದುರಸ್ತಿಯ ಪೋಸ್ಟನ್ನೇ ನಕಲು ಮಾಡಿದೆ, ಒಳಗಿನ ಚಿತ್ರ ಬದಲಿಸಿದೆ, ಕಳಿಸಿದೆ. ಚಿತ್ರ ಬದಲಾಯಿತು, ಬೆನ್ನಿಗಿದ್ದ ಹಳೆಯ ಮಾತು ಹಾಗೇ ಉಳಿಯಿತು. ಮೇಲೆ ಬರೆದ ಸಾಲಿನಲ್ಲಾದರೂ ಕುಡಿಯಬೇಡಿ ಅಂತ ಒಂದು ಪದ ಹಾಕಿದ್ದರೆ! ಹಾಕಿರಲಿಲ್ಲ. ಚಿತ್ರ ನೋಡಿ ಅಂದಿದ್ದೆ. ಯಾರಿಗೆ? ಕಣ್ಣಿಲ್ಲದವರಿಗೆ. ಕಚೇರಿಯಲ್ಲಿ ಆ ಪೋಸ್ಟನ್ನು ಆರು ಜನ ನೋಡಿದ್ದೆವು. ಆರು ಜೊತೆ ಕಣ್ಣು, ಒಂದಕ್ಕೂ ತಪ್ಪು ಕಾಣುವ ಹಾಗಿರಲಿಲ್ಲ.

"ಮೈಕಿನ ಗಾಡಿ ಬಂತಲ್ಲೇ, ಅದೂ ಕೇಳಿಸ್ಲಿಲ್ವಾ?" ಅಂದೆ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ.

"ಬಂತು. ದೊಡ್ಡ ರಸ್ತೆಲೇ ಗೊರಗೊರ ಅಂದ್ಕೊಂಡು ಹೋಯ್ತು. ನೀರು ಅನ್ನೋದೊಂದು ಕಿವಿಗೆ ಬಿತ್ತು. ಅದಕ್ಕೇ ನಿನ್ನ ಪುಟ ತೆಗ್ದು ಕೇಳ್ದೆ."

ಭಾವ ನಮ್ಮ ತುಟಿಗಳನ್ನೇ ನೋಡುತ್ತಿದ್ದರು. "ನಿನ್ನೆ ಸಾಯಂಕಾಲ ನಾನು ನಿಮ್ಮ ಸಾಹೇಬ್ರ ವಿಡಿಯೊ ನೋಡ್ದೆ ಕಣೋ" ಅಂದರು, ತಮ್ಮ ದನಿ ಎಷ್ಟು ಜೋರೆಂದು ತಿಳಿಯದೆ. ಪಕ್ಕದ ಮಂಚದವರೂ ತಿರುಗಿ ನೋಡಿದರು. "ಕೆಳಗಡೆ ಅಕ್ಷರ ಇತ್ತು, ಕುಡೀಬೇಡಿ ಅಂತ. ನನ್ನ ಫೋನಲ್ಲಿ ದನಿ ಇಟ್ಟಿರಲ್ಲ, ಇವಳಿಗೆ ಕೇಳಿಸಿರ್ಲಿಲ್ಲ. ಹೇಳಿದ್ರೆ ನಕ್ಕುಬಿಟ್ಟಳು. ವಿಡಿಯೊ ಅಕ್ಷರದ ಹಣೆಬರಹ ನನಗೆ ಗೊತ್ತು, ಯಂತ್ರ ಏನೋ ಬಡಬಡಿಸಿರುತ್ತೆ, ಕುಡೀಬಹುದು ಅಂತ ನನ್ನ ತಮ್ಮ ಕೈಯಾರೆ ಬರೆದಿದ್ದಾನೆ ಅಂದಳು. ನಾನೂ ಸುಮ್ಮನಾದೆ. ಕೆಮ್ಮಿಗೆ ಅಂತ ನಾನು ಬರೀ ಬಿಸಿನೀರು ಕುಡಿಯೋದು, ಅದಕ್ಕೇ ಉಳ್ಕೊಂಡೆ."

ಅಕ್ಕ ಕೈ ಚಾಚಿ ಫೋನು ವಾಪಸ್ ತೆಗೆದುಕೊಂಡು ದಿಂಬಿನಡಿ ಇಟ್ಟಳು. ಆಮೇಲೆ ಅಂದಳು: "ಬರೀ ಚಿತ್ರ ಅಂತ ಹೇಳಿದ್ರೆ ನಿನಗೆ ಫೋನ್ ಮಾಡಿ ಕೇಳ್ತಿದ್ದೆ ಕಣೋ. ಮೊದಲೆಲ್ಲ ಹಂಗೇ ಮಾಡ್ತಿರ್ಲಿಲ್ವಾ?"

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಏನೂ ಬರೆಯದೆ ಬಿಟ್ಟಿದ್ದರೆ ಅವಳು ಬೈದುಕೊಂಡು ಫೋನ್ ಮಾಡುತ್ತಿದ್ದಳು, ಪಾರಾಗುತ್ತಿದ್ದಳು. ನಾನು ಬರೆದಿದ್ದೇನೆಂದು ನಂಬಿ ಕುಡಿದಳು. ನಾನಾದರೂ ಅವಳಿಗೊಂದು ಫೋನ್ ಮಾಡಲಿಲ್ಲ. ಪೋಸ್ಟು ಹಾಕಿದ್ದೇನಲ್ಲ, ಕೇಳಿರುತ್ತಾಳೆ ಅಂದುಕೊಂಡೆ.

ವಾರ್ಡಿನ ಹೊರಗೆ ಹೋಗಿ ಸಾಹೇಬರಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದೆ.

"ಯಾರಿಗಾದ್ರೂ ಗೊತ್ತಾ ಇದು?" ಅಂದರು.

"ಕುಡಿದವರಿಗೆ ಗೊತ್ತು ಸಾರ್."

"ಕೊಂಕು ಮಾತು ಬೇಡ. ಬೆನ್ನಿಗಿರೋದನ್ನ ಈಗ್ಲೇ ಬದಲಾಯಿಸಿಬಿಡಿ. ಹೊರಗೆ ಕಾಣಲ್ಲ ಅಂತೀರಲ್ಲ, ಸದ್ದಿಲ್ಲದೆ ಸರಿ ಮಾಡಿ. ಮಧ್ಯಾಹ್ನ ಕೂತು ಮಾತಾಡೋಣ."

ಅಲ್ಲೇ ನಿಂತು ತಿದ್ದಿದೆ. ಎರಡು ನಿಮಿಷದ ಕೆಲಸ. ಒಳಗೆ ಬಂದು ಅಕ್ಕನಿಗೆ ಸರಿ ಮಾಡಿದೆ ಅಂದೆ.

"ಸೋಮವಾರ ಕೇಳಿದ್ದನ್ನ ಬುಧವಾರ ಯಾರಪ್ಪ ಮತ್ತೆ ತೆಗೆದು ಕೇಳ್ತಾರೆ? ನನ್ನ ಹಂಗೆ ನಿನ್ನ ಪುಟ ನಂಬ್ಕೊಂಡು ಎಷ್ಟು ಜನ ಇದ್ದಾರೋ! ಈಗಲೂ ಲೋಟದಲ್ಲಿ ಹಿಡ್ಕೊಂಡು ಕೂತಿರ್ತಾರೆ."

ಅವಳು ಹೇಳಿದ್ದು ನಿಜ. ಎರಡು ವರ್ಷದಲ್ಲಿ ಎಷ್ಟೋ ಮಂದಿ ಬರೆದಿದ್ದರು: ಮಸಾಜ್ ಮಾಡುವವರು, ಸಂಗೀತದ ಮೇಷ್ಟ್ರು, ಕುರ್ಚಿ ಹೆಣೆಯುವವರು. ಕೇಳಿಸುವ ಹಾಗೆ ಹಾಕುವ ಕಚೇರಿ ನಿಮ್ಮದೊಂದೇ ಎಂದು ಹರಸಿದ್ದರು.

ಮಧ್ಯಾಹ್ನದವರೆಗೆ ಕಾಯುವುದು ನನ್ನಿಂದ ಆಗಲಿಲ್ಲ. ಮಂಚದ ಅಂಚಿಗೆ ಕೂತು ಹೊಸ ಪೋಸ್ಟು ಮಾಡಿದೆ. ನಕಲು ಮಾಡಲಿಲ್ಲ, ಖಾಲಿಯಿಂದಲೇ ಶುರು ಮಾಡಿದೆ. ಬಿಳಿಯ ಮೇಲೆ ದಪ್ಪ ಕಪ್ಪು ಅಕ್ಷರ, ಮೂರೇ ಸಾಲು. "ನಲ್ಲಿಯ ನೀರನ್ನು ಕುಡಿಯಬೇಡಿ. ಸೋಮವಾರದ ಪೋಸ್ಟಿನಲ್ಲಿ ಕುಡಿಯಬಹುದು ಎಂದು ಕೇಳಿದ್ದರೆ ಅದು ನಮ್ಮ ತಪ್ಪು. ಕುಡಿದವರು ಈಗಲೇ ನಮಗೆ ತಿಳಿಸಿ, ಆಸ್ಪತ್ರೆಗೆ ಹೋಗಿ." ಅದೇ ಮೂರು ಸಾಲನ್ನು ಮೇಲಿನ ಬರಹದಲ್ಲೂ ಹಾಕಿದೆ, ಚಿತ್ರದ ಬೆನ್ನಿಗೂ ಹಾಕಿದೆ. ಭಾವ ಅಕ್ಷರ ಅಕ್ಷರ ನೋಡಿ ತಲೆ ಆಡಿಸಿದರು.

"ಕಳಿಸ್ದೆ" ಅಂದೆ.

"ಕೇಳಿದ್ಯಾ?" ಅಂದಳು ಅಕ್ಕ.

"ಏನು?"

"ನಿನ್ನ ಫೋನಲ್ಲೂ ಓದೋ ದನಿ ಇರುತ್ತೆ ಕಣೋ. ಎರಡು ವರ್ಷದಿಂದ ಬರೀತಿದ್ದೀಯ, ಒಂದ್ಸಲನಾದ್ರೂ ಹಚ್ಚಿ ಕೇಳಿದ್ದೀಯಾ?"

ಇಲ್ಲ. ಒಂದು ಸಲವೂ ಇಲ್ಲ. ಉಪ್ಪು ನೋಡದೆ ಎರಡು ವರ್ಷ ಊರಿಗೆಲ್ಲ ಬಡಿಸಿದ್ದೆ. ಅಕ್ಕ ಹೇಳಿಕೊಟ್ಟಂತೆ ಸೆಟ್ಟಿಂಗಿನಲ್ಲಿ ಹುಡುಕಿ ಆ ದನಿ ಹಚ್ಚಿದೆ. ನನ್ನ ಫೋನು ನನ್ನ ತಪ್ಪನ್ನು ನನಗೇ, ವಾರ್ಡಿಗೆಲ್ಲ ಕೇಳುವ ಹಾಗೆ ಓದಿತು. ನರ್ಸಮ್ಮ ತಿರುಗಿ ನೋಡಿದರು. ಓದಲಿ ಬಿಡು ಅನ್ನಿಸಿತು.

ಹತ್ತು ನಿಮಿಷಕ್ಕೆ ಸಾಹೇಬರ ಫೋನು. "ಯಾರನ್ನ ಕೇಳಿ ಹಾಕಿದ್ರಿ? ನಮ್ಮ ತಪ್ಪು ಅಂತ ಬರೆಯೋಕೆ ನಿಮಗೆ ಅಧಿಕಾರ ಕೊಟ್ಟವರ್ಯಾರು? ತೆಗೀರಿ ಅದನ್ನ!"

"ತೆಗೆಯಲ್ಲ ಸಾರ್. ನಮ್ಮ ಅನ್ನೋದು ಬೇಡ ಅಂದ್ರೆ ನನ್ನ ತಪ್ಪು ಅಂತ ತಿದ್ತೀನಿ. ಬೇಕಾದ್ರೆ ನಾಳೆಯಿಂದ ಮತ್ತೆ ವಾಲ್ವ್ ತಿರುಗಿಸೋಕೆ ಹಾಕಿ."

ಅವರು ಇನ್ನೇನೋ ಹೇಳುತ್ತಿದ್ದರು. ಅಷ್ಟರಲ್ಲಿ ಪೋಸ್ಟಿಗೆ ಮೊದಲ ಉತ್ತರ ಬಂತು. ಸಾಹೇಬರ ಕರೆಯನ್ನು ಸ್ಪೀಕರಿಗೆ ಹಾಕಿ ಅದನ್ನು ಒತ್ತಿದೆ. ಓದುವ ದನಿ ಇನ್ನೂ ಹಚ್ಚಿಯೇ ಇತ್ತು. ತೆರೆದದ್ದೇ ತಡ, ಏರಿಳಿತವಿಲ್ಲದೆ ಓದಿತು:

"ಇದು ಅಂಧ ಹೆಣ್ಣುಮಕ್ಕಳ ಹಾಸ್ಟೆಲ್. ಇಲ್ಲಿ ಹನ್ನೊಂದು ಜನ ಇದ್ದೇವೆ. ಸೋಮವಾರ ನಿಮ್ಮ ಪೋಸ್ಟ್ ಕೇಳಿದೆವು. ಎಲ್ಲರೂ ಅದೇ ನೀರು ಕುಡಿದಿದ್ದೇವೆ. ನಾಲ್ಕು ಜನಕ್ಕೆ ಏಳಲಾಗುತ್ತಿಲ್ಲ. ನೀರು ಸರಿಯಿದೆ ಎಂದುಕೊಂಡು ಊಟದ ದೋಷವೆಂದು ಸುಮ್ಮನಿದ್ದೆವು. ಈಗ ಏನು ಮಾಡಬೇಕು?"

ಸಾಹೇಬರಿಗೂ ಅದು ಕೇಳಿಸಿರಬೇಕು. "ಹನ್ನೊಂದು ಜನಾನಾ?" ಅಂದರು.

ಅಕ್ಕ ಡ್ರಿಪ್ ಹಾಕಿದ ಕೈಯಿಂದಲೇ ತಡಕಾಡಿ ನನ್ನ ಮಣಿಕಟ್ಟು ಹಿಡಿದಳು. ಅವಳ ಬೆರಳು ತಣ್ಣಗಿತ್ತು. ಏನು ಬಂತೆಂದು ಭಾವ ಕಣ್ಣಲ್ಲೇ ಕೇಳಿದರು, ಪರದೆ ಅವರ ಕಡೆ ತಿರುಗಿಸಿದೆ. ಓದಿದವರೇ ನರ್ಸಮ್ಮನ ಮೇಜಿನ ಕಡೆ ಓಡಿದರು.

"ಸಾರ್" ಅಂದೆ. "ಆಂಬುಲೆನ್ಸಿಗೆ ನೀವು ಹೇಳಿ. ನಾನು ವಿಳಾಸ ಕೇಳ್ತೀನಿ."

"ಕೇಳ್ರೀ, ಬೇಗ ಕೇಳ್ರೀ" ಅಂದರು ಸಾಹೇಬರು.

ಅಕ್ಷರ ಅಕ್ಷರ ಒತ್ತಿ ಬರೆದೆ: ನೀರು ಮುಟ್ಟಬೇಡಿ. ಗಾಡಿ ಬರುತ್ತಿದೆ. ವಿಳಾಸ ಹೇಳಿ. ಕಳಿಸುವ ಮೊದಲು ಒಂದು ಸಲ ಕೇಳಿಸಿಕೊಂಡೆ.

ಅಷ್ಟರಲ್ಲಿ ಫೋನು ಮತ್ತೆ ಕಿಣಿಗುಟ್ಟಿತು. ಎರಡನೆಯ ಉತ್ತರ. ಅದರ ಬೆನ್ನಿಗೇ ಮೂರನೆಯದು.